ಅಣ್ಣನಿಗಾಗಿ ಇಳಿಸಿದ ಹತ್ತು ಕೆಜಿ

ನನ್ನ ತೂಕ ಎಂಬತ್ತೆರಡು ಕೆಜಿ ಎಂಬುದು ನಮ್ಮ ಮನೆಯಲ್ಲಿ ಯಾರಿಗೂ ಲೆಕ್ಕಕ್ಕೇ ಇರಲಿಲ್ಲ, ಅಣ್ಣನ ಎರಡೂ ಕಿಡ್ನಿ ಕೈಕೊಡುವವರೆಗೆ. ಅವನಿಗೆ ಐವತ್ತೆರಡು, ನನಗೆ ನಲವತ್ತೇಳು. ಅವನು ಚುಂಚನಕಟ್ಟೆ ಹತ್ತಿರ ಗದ್ದೆ ಮಾಡಿಕೊಂಡು ಅವ್ವನ ಜೊತೆ ಊರಿನಲ್ಲೇ ಇದ್ದ. ನಾನು ಮದುವೆಯಾಗಿ ಪಿರಿಯಾಪಟ್ಟಣಕ್ಕೆ ಬಂದು, ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ಇಪ್ಪತ್ತು ವರ್ಷದ ಮೇಲಾಗಿತ್ತು.

ಅಣ್ಣನಿಗೆ ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಮೈಸೂರಿನಲ್ಲಿ ಡಯಾಲಿಸಿಸ್. ಅತ್ತಿಗೆಗೆ ಸಕ್ಕರೆ ಕಾಯಿಲೆ, ಅವರು ಕಿಡ್ನಿ ಕೊಡುವಂತಿರಲಿಲ್ಲ. ಇದ್ದ ಒಬ್ಬಳೇ ಮಗಳು ಆಗಷ್ಟೇ ಹೆತ್ತಿದ್ದಳು. ಉಳಿದವಳು ನಾನು. ಯಾರೂ ನನ್ನನ್ನು ಕೇಳಲಿಲ್ಲ. ನನ್ನ ರಕ್ತದ ಗುಂಪು ಯಾವುದು ಎಂದು ಮಾತ್ರ ಕೇಳಿದರು.

ಗುಂಪು ಹೊಂದಿತು. ಆದರೆ ಆಸ್ಪತ್ರೆಯ ಡಾಕ್ಟರು ನನ್ನ ಎತ್ತರ ತೂಕ ನೋಡಿ, ಇಷ್ಟು ದಪ್ಪ ಇರುವವರಿಂದ ತೆಗೆಯುವುದಿಲ್ಲ, ಉಳಿಯುವ ಒಂದು ಕಿಡ್ನಿಯ ಮೇಲೆ ಮುಂದೆ ಭಾರ ಬೀಳುತ್ತದೆ, ಎಪ್ಪತ್ತೆರಡಕ್ಕೆ ಇಳಿದು ಬನ್ನಿ ಅಂದರು. ಊರಿಗೆ ಹೋಗಿ ಹೇಳಿದಾಗ ಅವ್ವ ಬಾಯಲ್ಲಿದ್ದ ಹೊಗೆಸೊಪ್ಪಿನ ಕಡ್ಡಿಪುಡಿ ಉಗಿದು ಬಂದು ನನ್ನ ಎದುರಿಗೆ ಕೂತಳು.

“ಅಣ್ಣಂಗೋಸ್ಕರ ನಾಕು ತಿಂಗ್ಳು ಬಾಯಿ ಕಟ್ಟಕಾಗಲ್ವೇನವ್ವ ನಿಂಗೆ?”

ನಾನು ದಪ್ಪಗಾಗಿದ್ದು ಹೇಗೆ ಎಂದು ಅವಳಿಗೆ ಗೊತ್ತಿರಬೇಕಿತ್ತು. ನಾವು ಚಿಕ್ಕವರಿದ್ದಾಗ ಕೋಳಿ ಇಟ್ಟ ಮೊಟ್ಟೆ ಅಣ್ಣನ ತಟ್ಟೆಗೆ. ಸಾರಿನ ಕಾಳೆಲ್ಲ ಅಪ್ಪನಿಗೆ, ಅಣ್ಣನಿಗೆ. ಕೊನೆಗೆ ಉಳಿದ ಮುದ್ದೆ, ತಿಳಿ ಸಾರು ನನಗೆ. ಹೊಟ್ಟೆ ತುಂಬಬೇಕೆಂದರೆ ಎರಡು ಮುದ್ದೆ ನುಂಗಬೇಕಿತ್ತು. ಗಂಡನ ಮನೆಯಲ್ಲೂ ಅದೇ ಅಭ್ಯಾಸ. ಮಕ್ಕಳು ಬಿಟ್ಟ ಅನ್ನ ಚೆಲ್ಲಲು ಮನಸ್ಸಾಗದೆ ನಾನೇ ತಿನ್ನುತ್ತಿದ್ದೆ. ಆವತ್ತು ಇದ್ಯಾವುದನ್ನೂ ನಾನು ಅವ್ವನಿಗೆ ಹೇಳಲಿಲ್ಲ. ಆಗಲಿ ಬುಡು ಅಂದೆ.

ಮೊದಲ ಹದಿನೈದು ದಿನ ನನಗೆ ತೋಚಿದ ಹಾಗೆ ಮಾಡಿದೆ. ಬೆಳಿಗ್ಗೆ ಬರೀ ಕಾಫಿ, ಮಧ್ಯಾಹ್ನ ಎರಡು ಚಪಾತಿ, ರಾತ್ರಿ ಅರ್ಧ ಮುದ್ದೆ. ಸಾಯಂಕಾಲ ನಾಲ್ಕೂವರೆಗೆ ಕೌಂಟರ್ ಮುಚ್ಚುವಾಗ ಕೈ ನಡುಗುತ್ತಿತ್ತು, ಎದುರಿಗಿದ್ದವರ ಮೇಲೆ ರೇಗುತ್ತಿದ್ದೆ. ಒಂದು ಗುರುವಾರ ಬಸ್‌ಸ್ಟ್ಯಾಂಡ್ ಪಕ್ಕದ ಗಾಡಿಯ ಮುಂದೆ ನಿಂತು ಆರು ಬೋಂಡ ತಿಂದೆ. ಬೋಂಡ ಕರಿಯುತ್ತಿದ್ದ ಹೆಂಗಸು ಮನೆಗೂ ಕಟ್ಟಲಾ ಎಂದು ಕೇಳಿದಳು. ಬಾಯಿ ಒರೆಸಿಕೊಂಡು ಮನೆಗೆ ಬಂದು ಬಚ್ಚಲಲ್ಲಿ ಅತ್ತೆ. ತೂಕ ಒಂದು ಕೆಜಿ ಇಳಿದದ್ದು ಮತ್ತೆ ಏರಿತು.

ಆಸ್ಪತ್ರೆಯಲ್ಲಿ ನನ್ನನ್ನು ಒಬ್ಬ ಡಯಟೀಷಿಯನ್ ಹತ್ತಿರ ಕಳಿಸಿದರು. ಚಿಕ್ಕ ವಯಸ್ಸಿನ ಹುಡುಗಿ. ನಾನು ತಿನ್ನುವುದನ್ನೆಲ್ಲ ಹೇಳಿಸಿ ಬರೆದುಕೊಂಡು, ಬೋಂಡದ ವಿಷಯಕ್ಕೆ ನಗಲೂ ಇಲ್ಲ, ಬೈಯಲೂ ಇಲ್ಲ.

“ಮೇಡಂ, ನೀವು ಹಸಿವನ್ನ ಸಹಿಸ್ಕೋಬೇಕು ಅಂದ್ಕೊಂಡಿದ್ದೀರ. ಹಾಗೆ ಐದು ತಿಂಗಳು ಯಾರ ಕೈಲೂ ಆಗಲ್ಲ. ಹಸಿವನ್ನ ನಿಭಾಯಿಸ್ಬೇಕು.”

ಖರ್ಚಾಗುವುದಕ್ಕಿಂತ ಕಡಿಮೆ ತಿಂದರೆ ಮಾತ್ರ ತೂಕ ಇಳಿಯುತ್ತದೆ, ಅದರಲ್ಲಿ ಅಡ್ಡದಾರಿ ಇಲ್ಲ ಎಂದಳು. ಆದರೆ ಕಡಿಮೆ ಆಗಬೇಕಾದ್ದು ಕ್ಯಾಲೊರಿ, ತಟ್ಟೆಯ ಗಾತ್ರ ಅಲ್ಲ. ಸೌತೆಕಾಯಿ, ಸೋರೆಕಾಯಿ, ಸೊಪ್ಪು, ಹುರುಳಿಕಾಯಿ ಇವುಗಳಲ್ಲಿ ನೀರು, ನಾರು ಜಾಸ್ತಿ. ಹೊಟ್ಟೆ ತುಂಬುತ್ತದೆ, ಕ್ಯಾಲೊರಿ ಸ್ವಲ್ಪವೇ. ನಾರಿರುವ ಕಾಳು ನಿಧಾನಕ್ಕೆ ಅರಗುವುದರಿಂದ ಹಸಿವು ತಡವಾಗಿ ಬರುತ್ತದೆ. ನಾನು ಪ್ರೋಟೀನ್ ತಿನ್ನುತ್ತಿದ್ದುದು ರಾತ್ರಿ ಸಾರಿನ ಕಾಳಲ್ಲಿ, ಇಲ್ಲದಿದ್ದರೆ ಭಾನುವಾರದ ಕೋಳಿಯಲ್ಲಿ. ಅದನ್ನು ಬೆಳಿಗ್ಗೆ, ಮಧ್ಯಾಹ್ನ, ಸಾಯಂಕಾಲ, ರಾತ್ರಿ ಎಂದು ಹಂಚಬೇಕು. ಬೆಳಿಗ್ಗೆ ತಿಂದಿದ್ದರೆ ನಾಲ್ಕೂವರೆಗೆ ಕೈ ನಡುಗುವುದಿಲ್ಲ, ಮಾಂಸಖಂಡವೂ ಸೊರಗುವುದಿಲ್ಲ ಎಂದಳು. ಹಾಗೆಂದು ಡಬ್ಬದ ಪ್ರೋಟೀನ್ ಪುಡಿ ಮುಟ್ಟಬೇಡಿ, ಕಿಡ್ನಿ ಕೊಡುವವರು ನೀವು, ನಿಮ್ಮ ತೂಕಕ್ಕೆ ಎಷ್ಟು ಬೇಕೋ ಅಷ್ಟು ಸಾಕು ಎಂದೂ ಎಚ್ಚರಿಸಿದಳು.

ಅಲ್ಲಿಂದ ಬೆಳಿಗ್ಗೆ ಎರಡು ಬೇಯಿಸಿದ ಮೊಟ್ಟೆ, ಒಂದು ಬಟ್ಟಲು ಮೊಳಕೆ ಹೆಸರುಕಾಳು. ನಲವತ್ತೇಳನೆಯ ವಯಸ್ಸಿಗೆ ಮೊಟ್ಟೆ ಮೊದಲು ನನ್ನ ತಟ್ಟೆಗೆ ಬಿತ್ತು. ಮಧ್ಯಾಹ್ನದ ಡಬ್ಬಿಯಲ್ಲಿ ಅರ್ಧದಷ್ಟು ಪಲ್ಯ, ಸ್ವಲ್ಪ ಅನ್ನ, ಗಟ್ಟಿ ಬೇಳೆಯ ಸಾರು, ಮೊಸರು. ನಾಲ್ಕು ಗಂಟೆಗೆ ಬೇಯಿಸಿದ ಕಡಲೆಕಾಳು, ಮಜ್ಜಿಗೆ. ರಾತ್ರಿ ಒಂದು ಸಣ್ಣ ಮುದ್ದೆ, ತುಂಬ ಸೊಪ್ಪು ಕಾಳು ಹಾಕಿದ ಬಸ್ಸಾರು. ಒಂದೇ ಸಲ ಕಾಳು ಜಾಸ್ತಿ ಮಾಡಿ ಮೊದಲ ವಾರ ಹೊಟ್ಟೆ ಉಬ್ಬರಿಸಿ ಕೌಂಟರಿನಲ್ಲಿ ಕೂರಲಾಗಲಿಲ್ಲ. ನಾರು ನಿಧಾನಕ್ಕೆ ಏರಿಸಬೇಕು, ಜೊತೆಗೆ ನೀರು ಚೆನ್ನಾಗಿ ಕುಡಿಯಬೇಕು ಎಂದು ಹುಡುಗಿ ಫೋನಿನಲ್ಲಿ ಹೇಳಿದಳು. ಹಾಗೆ ಮಾಡಿದ ಮೇಲೆ ಸರಿಹೋಯಿತು.

ಹಸಿವು ಪೂರ್ತಿ ಹೋಯಿತು ಎಂದರೆ ಸುಳ್ಳು. ಒಗ್ಗರಣೆ ವಾಸನೆಗೆ ಎದ್ದೇಳುತ್ತಿತ್ತು. ಆದರೆ ಅದು ಬಂದು ಹೋಗುವ ಹಸಿವು, ಹದಿನೈದು ಇಪ್ಪತ್ತು ನಿಮಿಷ ಬೇರೆ ಕೆಲಸ ಹಿಡಿದರೆ ಇಳಿಯುತ್ತಿತ್ತು. ಬೋಂಡದ ಗಾಡಿಯ ಮುಂದೆ ನಡೆದುಹೋಗುವುದು ಸಾಧ್ಯವಾಯಿತು. ವಾರಕ್ಕೆ ಅರ್ಧ ಕೆಜಿಯ ಹಾಗೆ ಇಳಿದೆ. ಮೂರನೆಯ ತಿಂಗಳಲ್ಲಿ ಮೂರು ವಾರ ತಕ್ಕಡಿಯ ಮುಳ್ಳು ಕದಲಲಿಲ್ಲ. ಅನ್ನದ ಅಳತೆ ಕೈತಪ್ಪಿತ್ತು, ಮತ್ತೆ ಬಟ್ಟಲಲ್ಲಿ ಅಳೆದೆ. ನಮ್ಮನೆಯವರು ಏನೂ ಅನ್ನುತ್ತಿರಲಿಲ್ಲ. ಒಂದು ದಿನ ಮಾತ್ರ, ಕೊಯ್ಯುವುದಕ್ಕೆ ಕುರಿಯನ್ನ ಮೇಯಿಸುತ್ತಾರೆ, ನಿನ್ನನ್ನ ಒಣಗಿಸುತ್ತಿದ್ದಾರೆ ಎಂದು ಹೇಳಿ ಹೊರಗೆ ಹೋದರು.

ಎರಡು ವಾರಕ್ಕೊಂದು ಸಲ ಶನಿವಾರ ಊರಿಗೆ ಹೋಗುತ್ತಿದ್ದೆ. ಅಲ್ಲಿ ಅಣ್ಣನದು ನನ್ನದಕ್ಕೆ ಪೂರ್ತಿ ತಿರುಗಾಮುರುಗಾ ಪಥ್ಯ. ನನಗೆ ನೀರು ಕುಡಿ ಎಂದಿದ್ದರು. ಅವನಿಗೆ ದಿನಕ್ಕೆ ಒಂದು ಲೀಟರಿನ ಒಳಗೆ, ಸಾರು ಕಾಫಿ ಎಲ್ಲ ಸೇರಿ. ನನಗೆ ಸೊಪ್ಪು ತರಕಾರಿ ರಾಶಿ. ಅವನಿಗೆ ಸೊಪ್ಪು, ಟೊಮೇಟೊ, ಬಾಳೆಹಣ್ಣು, ಎಳನೀರು ಕೂಡದು, ಅದರ ಪೊಟ್ಯಾಷಿಯಂ ಕೆಟ್ಟ ಕಿಡ್ನಿಯಿಂದ ಹೊರಗೆ ಹೋಗದೆ ಹೃದಯಕ್ಕೆ ಹೊಡೆಯುತ್ತದೆ. ಬೇರೆಯವರ ಮನೆಯಲ್ಲಿ ಬಸ್ಸಾರಾಗುವ ತರಕಾರಿಯ ನೀರನ್ನು ಅತ್ತಿಗೆ ಬಸಿದು ಬಚ್ಚಲಿಗೆ ಚೆಲ್ಲಿ, ಸಪ್ಪೆ ತರಕಾರಿಯನ್ನು ಅವನಿಗೆ ಬಡಿಸುತ್ತಿದ್ದರು. ಪ್ರೋಟೀನ್ ಮಾತ್ರ ಅವನಿಗೆ ನನಗಿಂತ ಹೆಚ್ಚು ಬೇಕಿತ್ತು, ಡಯಾಲಿಸಿಸ್‌ನಲ್ಲಿ ಅದೂ ಸೋರಿಹೋಗುತ್ತದಂತೆ. ಮೊಟ್ಟೆಯ ಬಿಳಿಭಾಗ ಮುಂದಿಟ್ಟರೆ ಅವನಿಗೆ ವಾಕರಿಕೆ.

ಒಂದು ಶನಿವಾರ ಇಬ್ಬರೂ ಎದುರು ಬದುರು ಊಟಕ್ಕೆ ಕೂತಿದ್ದೆವು. ನನ್ನ ತಟ್ಟೆಯಲ್ಲಿ ಸೌತೆಕಾಯಿ ಕೋಸಂಬರಿ ಗುಡ್ಡೆಯಾಗಿತ್ತು. ಅವನು ಎರಡು ತುತ್ತು ತಿಂದು ಮೊಟ್ಟೆಯನ್ನು ಪಕ್ಕಕ್ಕೆ ತಳ್ಳಿದ. ನಾನು ಅವನನ್ನೇ ನೋಡುತ್ತಿದ್ದೆನೇನೋ.

“ನಿನ್ ಹಸಿವ್ನಾಗೆ ಒಂಚೂರು ನಂಗೆ ಕೊಡವ್ವ,” ಅಂದ. “ಕಿಡ್ನಿ ಆಮೇಲೆ ನೋಡನ.”

ನಾನು ನಗಬೇಕಿತ್ತು. ನಾನು ಇಷ್ಟು ಕಷ್ಟ ಪಡುತ್ತಿರುವಾಗ ನೀನು ಎರಡು ಮೊಟ್ಟೆ ತಿನ್ನಲಾರೆಯಾ ಎಂದುಬಿಟ್ಟೆ. ಅವನು ತಟ್ಟೆಯನ್ನು ಮತ್ತೆ ಹತ್ತಿರ ಎಳೆದುಕೊಂಡು, ತಲೆ ತಗ್ಗಿಸಿ, ಮೊಟ್ಟೆಯನ್ನು ಮಾತ್ರೆಯ ಹಾಗೆ ನುಂಗಿದ. ಅವ್ವ ನನ್ನನ್ನು ದುರುಗುಟ್ಟಿ ನೋಡಿದಳು.

ಐದನೆಯ ತಿಂಗಳ ಕೊನೆಗೆ ಆಸ್ಪತ್ರೆಯ ತಕ್ಕಡಿ ಎಪ್ಪತ್ತೊಂದೂವರೆ ತೋರಿಸಿತು. ಮತ್ತೆ ಎಲ್ಲ ಪರೀಕ್ಷೆ ಮಾಡಿದರು. ನನ್ನ ಎರಡೂ ಕಿಡ್ನಿ ಚೆನ್ನಾಗಿವೆ, ಕಾಗದ ಪತ್ರದ ಕೆಲಸ ಮುಗಿದರೆ ದಿನ ಗೊತ್ತುಮಾಡಬಹುದು ಎಂದರು. ಫೋನಿನಲ್ಲಿ ಹೇಳಿದಾಗ ಅಣ್ಣ ಅತ್ತಿಗೆಯನ್ನು ಕೂಗಿ ಕರೆದು ಸುದ್ದಿ ತಿಳಿಸಿದ. ಆಮೇಲೆ, ಹೊಟ್ಟೆ ತುಂಬಾ ಉಂಡು ಮಲಗವ್ವ ಇವತ್ತು ಎಂದ.

ಹತ್ತು ದಿನ ಆಗಿತ್ತು. ಒಂದು ಸೋಮವಾರ ಮಧ್ಯಾಹ್ನ ಅತ್ತಿಗೆ ಫೋನ್ ಮಾಡಿದರು. ಅಣ್ಣ ಕಾಲಲ್ಲಿ ಬಲವಿಲ್ಲ ಎಂದು ಜಗಲಿಯಲ್ಲೇ ಕುಸಿದಿದ್ದ. ಕೆ.ಆರ್. ನಗರದ ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಹೃದಯ ನಿಂತಿತ್ತು. ಪೊಟ್ಯಾಷಿಯಂ ಬಹಳ ಏರಿತ್ತು, ಶುಕ್ರವಾರದಿಂದ ಮಂಗಳವಾರದವರೆಗಿನ ಉದ್ದ ಬಿಡುವಿನಲ್ಲೇ ಹೀಗಾಗುವುದು ಜಾಸ್ತಿ ಎಂದು ಅಲ್ಲಿಯ ಡಾಕ್ಟರು ಹೇಳಿದರು. ಏನಾದರೂ ಕುಡಿದರಾ, ಹಣ್ಣು ತಿಂದರಾ ಎಂದು ಕೇಳಿದರು. ಅತ್ತಿಗೆ ಇಲ್ಲ ಎಂದರು.

ಅಣ್ಣ ತೀರಿಕೊಂಡ ಮೂರನೆಯ ದಿನ ಅತ್ತಿಗೆ ನನ್ನನ್ನು ಕೊಟ್ಟಿಗೆಯ ಹಿಂದಕ್ಕೆ ಕರೆದುಕೊಂಡು ಹೋದರು. ಬೂದಿಗುಂಡಿಯ ಪಕ್ಕದಲ್ಲಿ, ತೆಂಗಿನ ಗರಿಗಳ ಅಡಿಯಲ್ಲಿ ಎಳನೀರಿನ ಬುರುಡೆಗಳಿದ್ದವು. ಕೆಲವು ಒಣಗಿದ್ದವು, ಮೂರು ನಾಲ್ಕು ಇನ್ನೂ ಹಸಿ.

“ಅತ್ತೆಮ್ಮ ಕೊಡ್ತಿದ್ರು. ಬಾಯಾರ್ಕೆ ಅಂತ ನಿಮ್ಮಣ್ಣ ಅಳೋರಂತೆ, ನೋಡಕಾಗ್ದೆ ಕೊಡೋರಂತೆ. ಮಣ್ಣಾದ ದಿನ ಕಾಲ್ ತೊಳ್ಯಕ್ಕೆ ಈ ಕಡೆ ಬಂದಾಗ ಬುರುಡೆ ಕಂಡು ಕೇಳ್ದೆ, ಆಗ್ಲೇ ನಂಗೆ ಗೊತ್ತಾಗಿದ್ದು.”

ನನಗೆ ಬಾಯಿ ಕಟ್ಟು ಎಂದವಳು ಅವ್ವ. ಐದು ತಿಂಗಳು ನಾನು ಒಂದೊಂದು ಬಟ್ಟಲು ಅಳೆದು ತಿಂದೆ, ಮಗನ ಬಾಯಾರಿಕೆಯನ್ನು ಅವಳು ಒಂದು ವಾರ ತಡೆಯಲಿಲ್ಲ. ಅವಳಿಗೆ ಅಲ್ಲೇ ಹೋಗಿ ಹೇಳಿಬಿಡಬೇಕು ಅನ್ನಿಸಿತು. ನಡುಮನೆಗೆ ಹೋದೆ. ಅವ್ವ ಗೋಡೆಗೆ ಒರಗಿ ಕೂತಿದ್ದಳು. ನನ್ನನ್ನು ನೋಡಿ, ಕೊನೆಗಾದರೂ ಅವನ ಹೊಟ್ಟೆ ತಂಪಾಗಿತ್ತು ಕಣವ್ವ ಎಂದಳು. ನಾನು ತಿರುಗಿ ಅಡುಗೆಮನೆಗೆ ಹೋದೆ. ಇವತ್ತಿನವರೆಗೂ ಹೇಳಿಲ್ಲ. ದಯೆಯಿಂದ ಸುಮ್ಮನಿದ್ದೇನೆ ಎಂದು ಅಂದುಕೊಳ್ಳುವಷ್ಟು ಒಳ್ಳೆಯವಳು ನಾನಲ್ಲ. ಹೇಳಿದರೂ ಅವಳು ಅಳುವುದು ಅವನಿಗಾಗಿಯೇ ಎಂದು ನನಗೆ ಗೊತ್ತು.

ಕಚೇರಿಗೆ ವಾಪಸು ಹೋದಾಗ ಜನ ಸಮಾಧಾನ ಹೇಳಿದರು. ತಿಂಗಳು ಕಳೆದ ಮೇಲೆ ಕೌಂಟರಿನ ಆಚೆಯಿಂದ ಹೆಂಗಸರು ಎಷ್ಟು ಸಣ್ಣಗಾಗಿದ್ದೀರಿ, ಏನು ತಿಂತೀರಿ ಹೇಳ್ರೀ ಎಂದು ಕೇಳತೊಡಗಿದರು. ಕಾಳು, ಸೊಪ್ಪು, ಮೊಟ್ಟೆ ಎಂದು ಹೇಳುತ್ತೇನೆ. ಬೆಳಿಗ್ಗೆಯಿಂದಲೇ ಹಂಚಿಕೊಂಡು ತಿನ್ನಿ ಎಂದೂ ಹೇಳುತ್ತೇನೆ. ಒಬ್ಬಾಕೆ ಚೀಟಿಯಲ್ಲಿ ಬರೆದುಕೊಂಡಳು.

ನಾನೂ ಅದನ್ನು ಬಿಟ್ಟಿಲ್ಲ. ಬಿಡಬೇಕೆಂದು ಹಟದಿಂದ ಒಂದು ವಾರ ಎರಡೆರಡು ಮುದ್ದೆ ಉಂಡೆ, ಬೋಂಡ ತಿಂದೆ. ಸಾಯಂಕಾಲ ಮತ್ತೆ ಕೈ ನಡುಗಿತು, ಮಂಡಿ ನೋಯಿತು. ಯಾರ ಮೇಲೆ ಆ ಹಟ ಎಂದು ನನಗೇ ಗೊತ್ತಾಗಲಿಲ್ಲ.

ಆಸ್ಪತ್ರೆಯಿಂದ ನನ್ನ ವರದಿಗಳನ್ನು ಒಯ್ಯಲು ಕರೆದಿದ್ದರು. ಹೋದಾಗ ಕಾರಿಡಾರಿನಲ್ಲಿ ಆ ಡಯಟೀಷಿಯನ್ ಹುಡುಗಿ ಎದುರಾದಳು. ಅವಳಿಗೆ ಸುದ್ದಿ ಗೊತ್ತಿರಲಿಲ್ಲ. ಆಪರೇಷನ್ ಯಾವಾಗ ಮೇಡಂ, ತೂಕ ಈಗ ಎಷ್ಟು ಎಂದಳು. ಎಪ್ಪತ್ತೆರಡು ಎಂದೆ. ತುಂಬ ಚೆನ್ನಾಗಿ ಕಾಪಾಡಿಕೊಂಡಿದ್ದೀರಿ ಎಂದು ಖುಷಿಪಟ್ಟಳು. ಥ್ಯಾಂಕ್ಸ್ ಅಂದು, ಫೈಲು ಕಂಕುಳಲ್ಲಿಟ್ಟುಕೊಂಡು, ಪಿರಿಯಾಪಟ್ಟಣದ ಬಸ್ಸಿಗೆ ಹೊತ್ತಾಯಿತೆಂದು ಮೆಟ್ಟಿಲಿಳಿದೆ.