ಸಾಬ್ರೀನ್ ಬರೆದ ‘ಕೊಡಬಾರದು’

ಔಷಧಿ ಡಬ್ಬಿಯೊಳಗಿನ ಇಂಗ್ಲಿಷ್ ಮಾಹಿತಿ ಚೀಟಿಗಳನ್ನು ಮೆಡಿಕಲ್ ಅಂಗಡಿಯವರಿಗಾಗಿ ಕನ್ನಡಕ್ಕೆ ತರುವುದು ಶಿಡ್ಲಘಟ್ಟದ ಸಾಬ್ರೀನಳ ಕೆಲಸ. ಡೈಕ್ಲೋಫೆನಾಕ್ ನೋವಿನ ಮಾತ್ರೆ ದಿನಕ್ಕೆ 150 ಮಿಲಿಗ್ರಾಂ ಮೀರಬಾರದೆಂಬುದನ್ನು ಇದ್ದಂತೆಯೇ ಇಳಿಸಿದಳು. ಮುಂದಿನ ಸಾಲಿಗೆ ಮಾತ್ರ, ಓದುವವರು ಹಿರಿಯರೆಂಬ ಸಂಕೋಚದಿಂದ, ‘ಸದ್ಯ ಹೊಟ್ಟೆ ಹುಣ್ಣು ಇರುವವರಿಗೆ ಕೊಡದಿರುವುದು ಒಳ್ಳೆಯದು’ ಎಂದು ಬರೆದು, ಮೆಡಿಕಲ್ ಅಂಗಡಿ ಇಟ್ಟಿರುವ ಸೋದರಮಾವ ದಸ್ತಗಿರ್‌ಗೆ ತೋರಿಸಿದಳು.

“ಚೆನ್ನಾಗಿದೆ ಕಣಮ್ಮ. ಬೇಕೇ ಬೇಕು ಅಂದ್ರೆ ಕೊಡಬಹುದು ಅಂತ ತಾನೆ?”

ಇಂಗ್ಲಿಷಿನಲ್ಲಿ ಆ ಸಡಿಲವೇ ಇರಲಿಲ್ಲ. ಸಾಬ್ರೀನ್ ‘ಕೊಡದಿರುವುದು ಒಳ್ಳೆಯದು’ ಎಂಬುದನ್ನು ಅಲ್ಲೇ ಹೊಡೆದುಹಾಕಿ ‘ಕೊಡಬಾರದು’ ಎಂದು ಬರೆದಳು.

“ಇಷ್ಟು ಒರಟಾಗಿ ಬರೆದ್ರೆ ಹೆಂಗಮ್ಮ?”

“ಮೆತ್ತಗೆ ಬರೆದಿದ್ದಕ್ಕೇ ತಾನೆ ಮಾಮು, ನೀವು ಕೊಡಬಹುದು ಅಂದಿದ್ದು?”

ದಸ್ತಗಿರ್, ಹೊಟ್ಟೆ ಹುಣ್ಣಿನಿಂದ ನರಳುತ್ತಿದ್ದ ಸಾದಲಿಯ ಆವಲಪ್ಪನವರಿಗೆಂದು ತೆಗೆದಿಟ್ಟಿದ್ದ ಅದೇ ಮಾತ್ರೆಯ ಸ್ಟ್ರಿಪ್ಪನ್ನು ಮತ್ತೆ ಡಬ್ಬಿಗೆ ಸೇರಿಸಿದರು.