ಗಾಜು ಹಾಕಿಸಿದ ರಾಜೀನಾಮೆ

ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಅವರು ಹದಿನೆಂಟು ವರ್ಷ ಎಂಜಿನಿಯರ್ ಆಗಿದ್ದರು. ತಯಾರಾದ ಪಂಪನ್ನು ಓಡಿಸಿ ನೋಡಿ ಅವರು ಸರಿ ಅಂದರೆ ಮಾತ್ರ ಅದು ಗೇಟು ದಾಟುತ್ತಿತ್ತು. ಸ್ಕ್ರೂಡ್ರೈವರಿನ ತುದಿಯನ್ನು ಪಂಪಿನ ಮೈಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಳ್ಳುತ್ತಿದ್ದರು. ಒಳಗೆ ಬೇರಿಂಗ್ ಹೇಗೆ ತಿರುಗುತ್ತಿದೆ ಅಂತ ಅಷ್ಟರಲ್ಲೇ ತಿಳಿಯುತ್ತಿತ್ತು. ಅದಕ್ಕೇ ಎಲ್ಲರೂ ಅವರನ್ನು 'ಡಾಕ್ಟ್ರು' ಅನ್ನುತ್ತಿದ್ದರು.

ಮನೆಯಲ್ಲಿ ಆ ಕಿವಿ ಕೆಲಸಕ್ಕೆ ಬರುತ್ತಿರಲಿಲ್ಲ. ಹೆಂಡತಿ ಮೂರು ಸಲ ಕೂಗಬೇಕು. ಮೂರನೇ ಸಲಕ್ಕೆ "ಕೂಗಿದ್ಯಾ?" ಅನ್ನುತ್ತಿದ್ದರು. ಬೇಕೆಂದೇ ಕಿವುಡಾಗುತ್ತಾರೆ ಅಂತ ಅವಳು ಎಷ್ಟೋ ದಿನ ಮುನಿಸಿಕೊಂಡಿದ್ದಳು. ಕೊನೆಗೆ ಕಿವಿ ನೋಡುವ ವೈದ್ಯರ ಹತ್ತಿರ ಕರೆದುಕೊಂಡು ಹೋದಳು. ವೈದ್ಯರು ನೆಟ್ಟಗೆ ಹೇಳಿದರು. ಹೋದದ್ದು ಬರುವುದಿಲ್ಲ. ಆ ಗದ್ದಲದ ಶೆಡ್ಡು ಬಿಟ್ಟರೆ ಉಳಿದದ್ದು ಉಳಿಯುತ್ತದೆ.

ಹೆಂಡತಿ ಸುಮ್ಮನೆ ಬಿಡುವವಳಲ್ಲ. ಒಂದು ವರ್ಷ ಬೆನ್ನು ಬಿದ್ದಳು. ಬೇರೆ ಕಂಪನಿಯ ಡ್ರಾಯಿಂಗ್ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಪಂಪಿನ ನಕ್ಷೆ ಬರೆಯುವುದು. ಬಾಗಿಲು ಹಾಕಿದರೆ ಫ್ಯಾನಿನ ಸದ್ದು ಬಿಟ್ಟು ಬೇರೆ ಸದ್ದಿಲ್ಲ. ಡಾಕ್ಟ್ರು ಒಪ್ಪಿ ಸಹಿ ಹಾಕಿದರು. ಹಳೆಯ ಕಡೆ ಅರವತ್ತು ದಿನ ಮೊದಲೇ ತಿಳಿಸಬೇಕು. ಅದಕ್ಕೆ ಒಂದು ವಾರ ಸೇರಿಸಿ ಹೊಸಬರು ತಾರೀಖು ಕೊಟ್ಟರು. ಆ ದಿನ ಬರದಿದ್ದರೆ ಪಟ್ಟಿಯಲ್ಲಿ ಮುಂದಿನವರನ್ನು ಕರೆಯುತ್ತೇವೆ ಅಂತಲೂ ಅಂದರು.

ಇನ್ನು ರಾಜೀನಾಮೆ ಬರೆಯಬೇಕು. ಕೈ ಬರಲಿಲ್ಲ. ಕಾರ್ಖಾನೆಯ ಯಜಮಾನರು ಕೈ ಹಿಡಿದು ಕೆಲಸ ಕಲಿಸಿದವರು. ಮೂರು ದಿನ ಬರೆದು ಹರಿದರು. ನಾಲ್ಕನೇ ದಿನ ಕಾಗದವನ್ನು ಹೆಂಡತಿಯ ಮುಂದೆ ಇಟ್ಟರು. ಅವಳು ಬೆರಳಿಟ್ಟು ಒಂದೊಂದೇ ಅಕ್ಷರ ಓದಿದಳು. ಮೊದಲ ದಿನ ಯಜಮಾನರು ತಮ್ಮ ಬುತ್ತಿಯಲ್ಲಿ ಅರ್ಧ ಕೊಟ್ಟದ್ದು, ಇವರು ಮೋಟಾರು ಸುಟ್ಟಾಗ ಬಯ್ಯದೆ "ಇನ್ನೊಂದು ತಾ" ಅಂದದ್ದು, ಎಲ್ಲ ಇತ್ತು.

"ಏನ್ರೀ ಇದು? ಕೆಲಸ ಬಿಡೋ ಮಾತು ಎಲ್ಲಿದೆ?"

"ಹಿಂದೆ ಇದೆ. ತಿರುಗಿಸು."

ತಿರುಗಿಸಿದಳು. ಇತ್ತು.

"ಇದನ್ನ ಮುಂದೆ ಹಾಕಿ."

"ನಮ್ಮಲ್ಲಿ ಪದ್ಧತಿ ಹಾಗಲ್ಲ ಕಣೆ. ಟೆಸ್ಟ್ ಶೀಟಲ್ಲಿ ಒತ್ತಡ, ನೀರು, ಕರೆಂಟು ಎಲ್ಲ ಮುಂದೆ. ಪಾಸೋ ಫೇಲೋ ಅನ್ನೋದು ಹಿಂದೆ. ಎಲ್ಲ ನೋಡಿದ ಮೇಲೇ ತೀರ್ಪು."

"ಯಜಮಾನ್ರು ಪಂಪಾ?"

"ನೀನು ಓದಿದ್ದು ಎಷ್ಟನೇ ಕ್ಲಾಸು?"

"ನಾಲ್ಕು. ಆದ್ರೂ ಮನೆ ಬಿಟ್ಟು ಹೋಗೋರು ತಲೆಬಾಗಿಲಲ್ಲಿ ಹೇಳಿ ಹೋಗ್ತಾರೆ, ಹಿತ್ತಲಲ್ಲಲ್ಲ. ಅಷ್ಟು ಗೊತ್ತು."

ಡಾಕ್ಟ್ರಿಗೆ ಕೇಳಿಸಲಿಲ್ಲ. ಅಥವಾ ಕೇಳಿಸಿತ್ತು.

ಮರುದಿನ ಕಾಗದ ಕೊಟ್ಟರು. ಯಜಮಾನರಿಗೆ ಒಂದು ಅಭ್ಯಾಸ. ಕೈಗೆ ಬಂದ ಯಾವ ಕಾಗದವಾದರೂ ಮೊದಲು ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ ತಾರೀಖು ಹಾಕಿ ಸಹಿ ಮಾಡುತ್ತಾರೆ. ಆಮೇಲೆ ಓದುತ್ತಾರೆ. ಹಾಗೇ ಮಾಡಿದರು. ಬುತ್ತಿಯ ಮಾತಿಗೆ ಬರುವಷ್ಟರಲ್ಲಿ ಕಣ್ಣು ತುಂಬಿತು. ಮೋಟಾರಿನ ಹತ್ತಿರ ಕನ್ನಡಕ ತೆಗೆದರು. ಎದ್ದು ಬಂದು ತಬ್ಬಿಕೊಂಡರು.

"ಈ ಕಾಲದಲ್ಲಿ ಯಾರಯ್ಯ ಇಷ್ಟು ಬರೀತಾರೆ?" ಅಂದರು.

ಒಪ್ಪಿಕೊಂಡರು ಅಂದುಕೊಂಡು ಡಾಕ್ಟ್ರು ಕಣ್ಣೊರೆಸಿಕೊಂಡು ಬಂದರು. ಎರಡು ದಿನ ಬಿಟ್ಟು ನೋಡಿದರೆ, ಪ್ಯಾಕಿಂಗ್ ಪೆಟ್ಟಿಗೆ ಮಾಡುವ ಬಡಗಿ ಅದಕ್ಕೆ ಚೌಕಟ್ಟು ಹೊಡೆದಿದ್ದ. ಕಾಗದ ಗಾಜಿನ ಹಿಂದೆ, ಯಜಮಾನರ ಕುರ್ಚಿಯ ಮೇಲೆ ಗೋಡೆಯಲ್ಲಿ ನೇತಾಡುತ್ತಿತ್ತು. ಹೊಗಳಿಕೆ ಊರಿಗೆಲ್ಲ ಕಾಣುತ್ತಿತ್ತು. ರಾಜೀನಾಮೆ ಗೋಡೆಯ ಕಡೆ ಮುಖ ಮಾಡಿತ್ತು.

ಬಂದ ಗಿರಾಕಿಗಳಿಗೆಲ್ಲ ಯಜಮಾನರು ಓದಿ ಹೇಳುತ್ತಿದ್ದರು. ಆಫೀಸಿನಲ್ಲಿ ರಜೆ, ಸಂಬಳದ ಲೆಕ್ಕ ನೋಡುವ ಮೇಡಂ ಹತ್ತಿರ ಡಾಕ್ಟ್ರು ಹೋಗಿ, "ನನ್ನ ಕಾಗದ ಬಂತಾ?" ಅಂದರು.

"ಗೋಡೆ ಮೇಲೇ ಇದೆಯಲ್ಲ! ಸಂಬಳ ಏರಿಸ್ಕೊಳ್ಳೋಕೆ ಒಳ್ಳೇ ಉಪಾಯ ಡಾಕ್ಟ್ರೇ. ನನಗೂ ಒಂದು ಬರ್ಕೊಡಿ."

ದಿನಾ ಹೇಳಬೇಕು ಅಂತ ಹೋಗುವುದು, ಯಜಮಾನರು ಗಾಜು ಒರೆಸುತ್ತಿರುವುದು ನೋಡಿ ವಾಪಸು ಬರುವುದು. ಕಾಗದ ಕೊಟ್ಟು ಹತ್ತೊಂಬತ್ತು ದಿನ ಹೀಗೇ ಕಳೆಯಿತು. ಅನ್ನ ಸೇರಲಿಲ್ಲ. ಹೆಂಡತಿ ಕೇಳಿದಳು. ಬಾಯಿ ಬಿಟ್ಟರು. ಅವಳು ನಗಲಿಲ್ಲ. ಆಮೇಲೆ ಒಬ್ಬಳೇ ಅಡುಗೆಮನೆಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ನಾಳೆ ಬಿಚ್ಚಿ ತೋರಿಸಿ. ಇಲ್ಲಾಂದ್ರೆ ನಾನೇ ಬಂದು ಬಿಚ್ತೀನಿ."

ಅವಳು ಬಂದರೆ ಏನಾಗುತ್ತದೆ ಅಂತ ಅವರಿಗೆ ಗೊತ್ತು. ಮರುದಿನ ಬೆಳಿಗ್ಗೆ ಸ್ಕ್ರೂಡ್ರೈವರ್ ಹಿಡಿದು ಹೋದರು. ಯಜಮಾನರು ಇನ್ನೂ ಬಂದಿರಲಿಲ್ಲ. ಚೌಕಟ್ಟು ಇಳಿಸಿ ಮೇಜಿನ ಮೇಲೆ ಬೋರಲು ಹಾಕಿ ಒಂದು ಸ್ಕ್ರೂ ತೆಗೆದರು. ಎರಡನೆಯದು ತೆಗೆಯುವಾಗ ಯಜಮಾನರು ಬಂದು ಹಿಂದೆ ನಿಂತರು. ಎರಡು ಸಲ ಕೂಗಿದರು. ಇವರಿಗೆ ಕೇಳಿಸಲಿಲ್ಲ. ಮೂರನೇ ಸಲಕ್ಕೆ ಭುಜ ಹಿಡಿದು ತಿರುಗಿಸಿದರು.

"ಏನಯ್ಯ, ಕೊಟ್ಟ ಕಾಗದಾನ ಕದ್ದುಕೊಂಡು ಹೋಗ್ತಿದ್ದೀಯಾ?"

ಡಾಕ್ಟ್ರು ರಟ್ಟು ತೆಗೆದು ಹಿಂಬದಿ ತೋರಿಸಿದರು. 'ಬೇರೆ ಕೆಲಸ ಒಪ್ಪಿಕೊಂಡಿದ್ದೇನೆ. ಈ ಕಾಗದ ತಮ್ಮ ಕೈ ಸೇರಿದ ದಿನದಿಂದ ಅರವತ್ತು ದಿನಕ್ಕೆ ನನ್ನನ್ನು ಬಿಡುಗಡೆ ಮಾಡಬೇಕು. ಅಷ್ಟರಲ್ಲಿ ನನ್ನ ಕೆಲಸವನ್ನೆಲ್ಲ ಕಲಿಸಿ ಹೋಗುತ್ತೇನೆ. ಆಮೇಲೂ ಯಾವ ಪಂಪು ಮೊಂಡು ಹಿಡಿದರೂ ಕರೆಯಿರಿ, ಬರುತ್ತೇನೆ.' ಕೆಳಗೆ ಕೊನೆಯ ದಿನದ ತಾರೀಖು.

ಯಜಮಾನರು ಎರಡು ಸಲ ಓದಿದರು. ಕಿವಿ ಕೆಂಪಾಯಿತು.

"ಇಷ್ಟು ದಿನದಿಂದ ನಿನ್ನ ರಾಜೀನಾಮೆಗೆ ನಾನು ಗಾಜು ಒರೆಸ್ತಿದ್ದೀನಾ? ಯಾಕೋ ಬಾಯಲ್ಲಿ ಹೇಳ್ಲಿಲ್ಲ?"

"ನೀವು ಅಳ್ತಿದ್ರಿ ಸರ್."

"ಈಗ ಅಳಲ್ವಾ ನಾನು?" ಅಂದು ಕುರ್ಚಿಯಲ್ಲಿ ಕುಸಿದರು.

ಯಾಕೆ ಹೋಗುತ್ತೀಯ ಅಂತ ಕೇಳಿದರು. ಡಾಕ್ಟ್ರು ಕಿವಿಯ ಸಂಗತಿ ಹೇಳಿದರು. ಅದನ್ನು ಕಾಗದದಲ್ಲಿ ಎಲ್ಲೂ ಬರೆದಿರಲಿಲ್ಲ. ಕಾರ್ಖಾನೆಯ ಮೇಲೆ ದೂರು ಹೇಳಿದ ಹಾಗೆ ಆಗುತ್ತದೆ ಅಂತ.

ಮೇಡಂ ಬಂದು ನೋಡಿ, "ಇವತ್ತಿನ ತಾರೀಖಿಂದ ಅರವತ್ತು ದಿನ ಹಾಕ್ಲಾ ಸರ್?" ಅಂದರು. ಹಾಗಾದರೆ ಡಾಕ್ಟ್ರಿಗೆ ಹೊಸ ಕೆಲಸ ಕೈ ತಪ್ಪಿದಂತೆಯೇ. ಯಜಮಾನರು ಕಾಗದ ತಿರುಗಿಸಿ ಮೂಲೆಯ ಕೆಂಪು ಸಹಿ ತೋರಿಸಿದರು.

"ಇದು ಯಾರ ಸಹಿ? ನನ್ನದು. ಕೈ ಸೇರಿದ್ದು ಅವತ್ತು. ಓದದೇ ಇದ್ದದ್ದು ನನ್ನ ತಪ್ಪು. ಉಳಿದದ್ದು ನಲವತ್ತು ದಿನ."

ಆ ನಲವತ್ತು ದಿನ ಡಾಕ್ಟ್ರು ಫೋರ್‌ಮನ್‌ಗೆ ಕೆಲಸ ಕಲಿಸಿದರು. ಸ್ಕ್ರೂಡ್ರೈವರ್ ಕಿವಿಗೆ ಇಟ್ಟುಕೊಂಡು ಅವನು, "ನನಗೆ ಬರೀ ನನ್ನ ಹೆಂಡ್ತಿ ಗೊಣಗೋದು ಕೇಳ್ತಿದೆ" ಅಂದ. "ಹಾಗಾದ್ರೆ ಬೇರಿಂಗ್ ಹಾಳಾಗಿದೆ, ಬದಲಾಯಿಸು" ಅಂದರು ಇವರು. ಬಿಚ್ಚಿ ನೋಡಿದರೆ ನಿಜವಾಗಿಯೂ ಹಾಳಾಗಿತ್ತು. ಶೆಡ್ಡಿನಲ್ಲಿರುವ ಎಲ್ಲರಿಗೂ ಕಿವಿಗೆ ಮುಚ್ಚಳ ಬಂತು. ಯಜಮಾನರೇ ಹಂಚಿದರು.

ಕೊನೆಯ ದಿನ ಚೌಕಟ್ಟು ಮತ್ತೆ ಗೋಡೆ ಹತ್ತಿತು. ಈ ಸಲ ಹಿಂಬದಿ ಮುಂದೆ. "ಕರೆದರೆ ಬರ್ತೀನಿ ಅಂತ ಬರ್ದಿದ್ದೀಯ. ಅದು ನನ್ನ ಕಣ್ಣೆದುರಿಗೇ ಇರ್ಲಿ" ಅಂದರು ಯಜಮಾನರು. ನಾಲ್ಕು ಸಲ ಕರೆದರು. ನಾಲ್ಕು ಸಲವೂ ಇವರು ಹೋದರು.

ಹೊಸ ಆಫೀಸು ಸೇರಿದ ಮೇಲೂ ಕಿವಿ ಮೊದಲಿನಂತೆ ಆಗಲಿಲ್ಲ. ಆದರೆ ಹೆಂಡತಿ ಕರೆದರೆ ಎರಡನೇ ಸಲಕ್ಕೇ ತಿರುಗುತ್ತಿದ್ದರು. ಹಾಗೆ ಆರು ವರ್ಷ ಸಿಕ್ಕಿತು.

ಡಾಕ್ಟ್ರು ಇದ್ದಕ್ಕಿದ್ದಂತೆ ತೀರಿಕೊಂಡ ಮೇಲೆ ಯಜಮಾನರು ಆ ಚೌಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಬಂದರು. "ಇದು ನಿಮ್ಮ ಹತ್ರಾನೇ ಇರ್ಲಿ ಕಣಮ್ಮ" ಅಂದರು. ಕುರ್ಚಿಯಲ್ಲಿ ಕೂತು ಬಹಳ ಹೊತ್ತು ಎದ್ದೇಳಲಿಲ್ಲ.

ಈಗ ಅದು ಅಡುಗೆಮನೆಯ ಗೋಡೆಯಲ್ಲಿದೆ. ಹೆಂಡತಿ ಬೆರಳಿಟ್ಟು ಓದುತ್ತಾಳೆ. ಕಾರ್ಖಾನೆ ಬಿಡಲು ಅರವತ್ತು ದಿನ ಮೊದಲೇ ತಾರೀಖು ಬರೆದು ಕೊಟ್ಟ ಮನುಷ್ಯ. ಮನೆ ಬಿಡುವಾಗ ಒಂದು ದಿನ ಮೊದಲೂ ಹೇಳಲಿಲ್ಲ.