ಪ್ಲಾಸ್ಟಿಕ್ಕಿನೊಳಗಿನ ಸರ್ಟಿಫಿಕೇಟು

ವಿಕ್ರೋಳಿಯ ಆಸ್ಪತ್ರೆಯಲ್ಲಿ ನರ್ಸಾಗಿ ಸೇರಲು ನನಗೆ ಎಂಟೇ ದಿನ ಉಳಿದಿತ್ತು. ಮಲಾಡಿನ ಹಳೆಯ ಆಸ್ಪತ್ರೆಗೆ ರಾಜೀನಾಮೆ ಕೊಟ್ಟಾಗಿತ್ತು. ಹೊಸಬರು ಒಂದೇ ಮಾತು ಹೇಳಿದ್ದರು: ಆಧಾರ್ ಕಾರ್ಡಿನಲ್ಲಿರುವ ಹೆಸರೇ ನರ್ಸಿಂಗ್ ನೋಂದಣಿ ಸರ್ಟಿಫಿಕೇಟಿನಲ್ಲೂ ಇರಬೇಕು, ಕಡೇಪಕ್ಷ ತಿದ್ದುಪಡಿಗೆ ಅರ್ಜಿ ಕೊಟ್ಟ ರಸೀದಿಯಾದರೂ ತರಬೇಕು.

ನನ್ನ ಸರ್ಟಿಫಿಕೇಟಿನಲ್ಲಿದ್ದದ್ದು ಶಾಲೆಯ ರಿಜಿಸ್ಟರಿನಿಂದ ಬಂದ ಹಳೆಯ ಸ್ಪೆಲ್ಲಿಂಗ್. ಆಧಾರಿನಲ್ಲಿರುವ ಹೊಸ ಸ್ಪೆಲ್ಲಿಂಗನ್ನು ಗೆಜೆಟ್ಟಿನಲ್ಲಿ ಹಾಕಿಸಿಯಾಗಿತ್ತು. ಗೆಜೆಟ್ ಪ್ರತಿ, ಅಫಿಡವಿಟ್, ಆಧಾರ್, ಫೋಟೋ, ಎಲ್ಲ ಜೋಡಿಸಿಕೊಂಡು ನರ್ಸಿಂಗ್ ಕೌನ್ಸಿಲ್ ಆಫೀಸಿನ ಕೌಂಟರಿಗೆ ಹೋದೆ. ಕ್ಲಾರ್ಕ್ ಹೆಂಗಸು ಒಂದೊಂದಕ್ಕೂ ಟಿಕ್ ಹಾಕುತ್ತ ಬಂದು ಒರಿಜಿನಲ್ ಸರ್ಟಿಫಿಕೇಟನ್ನು ಕೈಗೆತ್ತಿಕೊಂಡಳು. ಬೆರಳಲ್ಲಿ ತಟ್ಟಿ ನೋಡಿದಳು.

"ಮ್ಯಾಡಮ್, ಹೇ ಚಾಲಣಾರ್ ನಾಹೀ. ಲ್ಯಾಮಿನೇಟ್ ಕಶಾಲಾ ಕೇಲಂ?" ಇದು ನಡೆಯುವುದಿಲ್ಲ, ಲ್ಯಾಮಿನೇಟ್ ಯಾಕೆ ಮಾಡಿಸಿದಿರಿ ಎಂದು ಮರಾಠಿಯಲ್ಲಿ ಕೇಳಿದಳು.

ಹಳೆಯದನ್ನು ರದ್ದು ಮಾಡಿ ಇಟ್ಟುಕೊಂಡು ಹೊಸದನ್ನು ಕೊಡುತ್ತಾರಂತೆ. ರದ್ದಿನ ಸೀಲು ಕಾಗದದ ಮೇಲೆ ಬೀಳಬೇಕು, ಪ್ಲಾಸ್ಟಿಕ್ಕಿನ ಮೇಲಲ್ಲ. ಬಿಡಿಸಿಕೊಂಡು ಬನ್ನಿ ಎಂದಳು. ಬಾಳೆಹಣ್ಣಿನ ಸಿಪ್ಪೆ ಸುಲಿದ ಹಾಗೆ ಹೇಳಿಬಿಟ್ಟಳು!

ಲ್ಯಾಮಿನೇಟ್ ಮಾಡಿಸಿದ್ದು ಅಪ್ಪ. ಮೂವತ್ತು ವರ್ಷ ಫೋರ್ಟಿನ ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂತವರು. ಎಣ್ಣೆ, ನೀರು, ಸಾಂಬಾರಿನ ನಡುವೆ ಕಾಗದ ಮೂರು ದಿನ ಬಾಳುವುದಿಲ್ಲ ಎಂಬುದು ಅವರು ಅಲ್ಲಿ ಕಲಿತ ಪಾಠ. ಮೆನು ಕಾರ್ಡು, ಹೋಟೆಲಿನ ಲೈಸೆನ್ಸು, ಮನೆಯ ರೇಷನ್ ಕಾರ್ಡು, ಯಾವುದನ್ನೂ ಬಿಟ್ಟವರಲ್ಲ. ನನ್ನ ಸರ್ಟಿಫಿಕೇಟ್ ಕೈಗೆ ಬಂದ ದಿನವೇ ಅದನ್ನೂ ಒಯ್ದು ಬಿಸಿ ಮೆಷಿನ್ನಿಗೆ ಕೊಟ್ಟಿದ್ದರು. ಆಗ ನನಗೂ ಅದು ಚೆಂದವೇ ಕಂಡಿತ್ತು.

ಹಳೆಯ ಆಸ್ಪತ್ರೆಯ ಗೆಳತಿಗೆ ಫೋನ್ ಮಾಡಿದೆ. "ಅಷ್ಟಕ್ಕೆಲ್ಲ ಯಾಕೆ ತಲೆಬಿಸಿ? ಕಳ್ದೋಯ್ತು ಅಂತ ಪೊಲೀಸ್‌ಗೆ ಆನ್‌ಲೈನ್ ಕಂಪ್ಲೇಂಟ್ ಹಾಕು, ಡುಪ್ಲಿಕೇಟ್ ಸಿಗುತ್ತೆ," ಎಂದಳು. ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಫಾರ್ಮ್ ತುಂಬಿದೆ. ಕಳೆದ ಜಾಗ: ಸ್ಟೇಷನ್. ಸುಳ್ಳು ಬರೆಯುವುದು ಅಷ್ಟು ಸಲೀಸು ಎಂದು ನನಗೆ ಗೊತ್ತಿರಲಿಲ್ಲ. ಕೊನೆಯ ಬಟನ್ ಮಾತ್ರ ಒತ್ತಲಿಲ್ಲ. ನಾಳೆ ಸಿಕ್ಕಿಬಿದ್ದರೆ ನೋಂದಣಿಯೇ ಹೋದೀತು ಎಂಬ ಹೆದರಿಕೆ.

ಮನೆಗೆ ಬಂದವಳೇ ಅಪ್ಪನ ಮೇಲೆ ಹರಿಹಾಯ್ದೆ. "ಯಾರು ಹೇಳಿದ್ರು ನಿಮ್ಗೆ ಲ್ಯಾಮಿನೇಟ್ ಮಾಡ್ಸಿ ಅಂತ? ನನ್ನ ಕೆಲ್ಸ ಹೋದ್ರೆ ನೀವು ತಂದ್ಕೊಡ್ತೀರಾ?" ಪೊಲೀಸ್ ಫಾರ್ಮಿನ ವಿಷಯವನ್ನೂ ಕಕ್ಕಿಬಿಟ್ಟೆ.

ಅಪ್ಪ ಸರ್ಟಿಫಿಕೇಟನ್ನು ಕೈಗೆ ತೆಗೆದುಕೊಂಡರು. "ಕಳ್ದು ಹೋಗ್ಲಿಲ್ಲ ಅಲ್ವಾ ಮಗಾ. ಇಲ್ಲೇ ಉಂಟಲ್ಲ," ಎಂದರು.

ಬ್ಲೇಡಿನಲ್ಲಿ ಅಂಚು ಕತ್ತರಿಸಿ, ನನ್ನ ಹೇರ್ ಡ್ರೈಯರಿನಿಂದ ಬಿಸಿ ಮಾಡುತ್ತ ಅವರೇ ಸುಲಿಯಲು ಕೂತರು. ಎರಡು ಗಂಟೆ ಹಿಡಿಯಿತು. ನಾನು ಪಕ್ಕದಲ್ಲೇ ನಿಂತಿದ್ದೆ. ನಂಬರು ಉಳಿಯಿತು, ಸಹಿ ಉಳಿಯಿತು, ಸೀಲು ಉಳಿಯಿತು. ಫೋಟೋದ ಹತ್ತಿರ ಬಂದಾಗ ನನ್ನ ಅರ್ಧ ಮುಖ ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಎದ್ದುಬಂತು. ಅಪ್ಪ ಡ್ರೈಯರ್ ಆರಿಸಿದರು. ನನಗೆ ಅಳು ಬಂತು, ಸಿಟ್ಟೂ ಬಂತು.

ಮರುದಿನ ನಾನು ಬೇಡವೆಂದರೂ ಕೇಳದೆ ಅಪ್ಪ ಜೊತೆಗೆ ಹೊರಟರು. ಕ್ಲಾರ್ಕ್ ಹರಿದ ಫೋಟೋ ನೋಡಿ ಒಳಗಿನ ಸಾಹೇಬರನ್ನು ಕೇಳಿ ಬಂದಳು. ನಮ್ಮಲ್ಲಿರುವ ದಾಖಲೆಯೊಂದಿಗೆ ತಾಳೆ ನೋಡುತ್ತೇವೆ, ಆದರೆ ಸರ್ಟಿಫಿಕೇಟ್ ಹಾಳಾದದ್ದು ಹೇಗೆ ಎಂದು ಬರೆದುಕೊಡಿ ಎಂದಳು.

ಬೆಂಚಿನ ಮೇಲೆ ಕೂತು ಇಂಗ್ಲಿಷಿನಲ್ಲಿ ಬರೆಯತೊಡಗಿದೆ. ಇಂಗ್ಲಿಷ್ ಓದಲು ಬಾರದ ಅಪ್ಪ ಕಿವಿಯ ಹತ್ತಿರ ಬಗ್ಗಿದರು. "ಅಪ್ಪ ಹಾಳು ಮಾಡಿದ್ದು ಅಂತಲೇ ಬರಿ ಮಗಾ. ನಿನ್ನ ಮೇಲೆ ಎಂತದೂ ಬರುದು ಬೇಡ."

"ಹೂಂ," ಎಂದೆ. ಬರೆದದ್ದು ಮಾತ್ರ, ತಿಳಿವಳಿಕೆಯಿಲ್ಲದೆ ನಾನೇ ಲ್ಯಾಮಿನೇಟ್ ಮಾಡಿಸಿದೆ, ಬಿಡಿಸುವಾಗ ನನ್ನ ಕೈಯಿಂದಲೇ ಹರಿಯಿತು ಎಂದು.

ಕ್ಲಾರ್ಕ್ ಅದನ್ನು ಓದುತ್ತಿದ್ದಾಗ ಅಪ್ಪ ಕೌಂಟರಿನ ಮುಂದೆ ಬಂದು ಕೈಮುಗಿದರು. ತಮ್ಮ ಹೋಟೆಲ್ ಹಿಂದಿಯಲ್ಲಿ, "ಗಲತೀ ಮೇರಾ ಹೈ, ಮೇಡಮ್. ಲಡ್ಕೀ ಕಾ ಕುಛ್ ನಹೀ," ಎಂದರು.

ಕಾಗದದಲ್ಲಿ ತಪ್ಪು ನನ್ನದು, ಅಪ್ಪನ ಬಾಯಲ್ಲಿ ಅಪ್ಪನದು. ಆಕೆ ಕಾಗದ ನೋಡಿದಳು, ಅಪ್ಪನನ್ನು ನೋಡಿದಳು, ನನ್ನನ್ನು ನೋಡಿದಳು. ನನ್ನ ಪತ್ರವನ್ನು ಅರ್ಜಿಯ ಕೆಳಗೆ ಸೇರಿಸಿ ಪಿನ್ ಹೊಡೆದು, ರಸೀದಿಯ ಮೇಲೆ ಸೀಲು ಹಾಕಿ, ಅದನ್ನು ಅಪ್ಪನ ಕೈಗೆ ಕೊಟ್ಟಳು.